ಕೈಗೆ 40 ಸಾವಿರ ಬಂದರೂ ಸಾಲ ಹನ್ನೆರಡೂವರೆ ಲಕ್ಷವೇ?

ಪ್ರಶ್ನೆ: ನನ್ನದು ಮಾಣಿ. ಮಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿ ಕೆಲಸ, ವಯಸ್ಸು 34. ಎಲ್ಲ ಕಡಿತ ಆಗಿ ತಿಂಗಳಿಗೆ ಸುಮಾರು 40,000 ರೂಪಾಯಿ ಕೈಗೆ ಬರುತ್ತದೆ. ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟಲು 20 ಲಕ್ಷ ಸಾಲ ಕೇಳಿದೆ. ಹನ್ನೆರಡೂವರೆ ಲಕ್ಷಕ್ಕಿಂತ ಹೆಚ್ಚು ಆಗುವುದಿಲ್ಲ, ‘ಫಾಯರ್’ ಬರುವುದಿಲ್ಲ ಎಂದರು. ಕೈಗೆ ಇಷ್ಟೇ ಬರುವ ನನ್ನ ಗೆಳೆಯನಿಗೆ ಅದೇ ಶಾಖೆ 23 ಲಕ್ಷ ಕೊಡಲು ಒಪ್ಪಿದೆ. ಅವನಿಗೆ ಬೇರೆ ಸಾಲ ಇಲ್ಲ, ನಿಜ. ಆದರೆ ನನ್ನದೂ ದೊಡ್ಡ ಸಾಲವೇನಲ್ಲ. ಈ ಫಾಯರ್ ಎಂದರೆ ಏನು? 20 ಲಕ್ಷ ಪಡೆಯಲು ದಾರಿ ಇದೆಯೇ?
— ಓದುಗರು, ಮಾಣಿ

ಉತ್ತರ: ದಾರಿ ಇದೆ. ಕೈಯಲ್ಲಿ ಒಂದು 67,000 ರೂಪಾಯಿ ಇದ್ದರೆ ಅದೇ ಬ್ಯಾಂಕಿನಿಂದ ನೀವು 20 ಲಕ್ಷ ಪಡೆಯಬಹುದು. ಅದನ್ನು ಮೊದಲು ತೋರಿಸುತ್ತೇನೆ. ಆಮೇಲೆ ಅಷ್ಟನ್ನು ತೆಗೆದುಕೊಳ್ಳಬೇಡಿ ಎಂದೂ ಹೇಳಬೇಕಾಗುತ್ತದೆ. ಸಾಲದ ವಿಭಾಗದಲ್ಲಿ ಕೂತು ಕೂದಲು ಹಣ್ಣಾದವನು ನಾನು, ಇಷ್ಟು ವಕ್ರತನ ಅಭ್ಯಾಸವಾಗಿಬಿಟ್ಟಿದೆ.

‘ಫಾಯರ್’ ಎಂದು ಕೌಂಟರಿನಲ್ಲಿ ನಿಮ್ಮ ಕಿವಿಗೆ ಬಿದ್ದದ್ದು ಎಫ್‌ಒಐಆರ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಓದಿದ ಶಬ್ದ. ತಿಂಗಳು ತಿಂಗಳು ತಪ್ಪದೆ ಕಟ್ಟಲೇಬೇಕಾದ ಹೊರೆ ನಿಮ್ಮ ಆದಾಯದ ಎಷ್ಟು ಪಾಲು ಎಂಬುದೇ ಅದರ ಅರ್ಥ. ಹಳೆಯ ಸಾಲಗಳ ಕಂತು ಮತ್ತು ಈಗ ಕೇಳುತ್ತಿರುವ ಸಾಲದ ಕಂತು ಎರಡನ್ನೂ ಕೂಡಿಸಿ, ಆದಾಯದಿಂದ ಭಾಗಿಸಿ, ಶೇಕಡಾವಾರಿನಲ್ಲಿ ಹೇಳುತ್ತಾರೆ. ಇದು ಎಷ್ಟರ ಒಳಗೆ ಇರಬೇಕು ಎಂಬುದನ್ನು ಪ್ರತಿ ಬ್ಯಾಂಕೂ ತನ್ನ ಸಾಲನೀತಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ 40ರಿಂದ 60 ಶೇಕಡಾ. ಸಂಬಳ ಏರಿದಂತೆ ಈ ಮಿತಿಯೂ ಏರುವುದುಂಟು. ಲಕ್ಷ ಸಂಬಳದವರು ತಿನ್ನುವ ಅನ್ನ 30 ಸಾವಿರದವರದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಅಲ್ಲವಲ್ಲ, ಹಾಗಾಗಿ ಅವರಲ್ಲಿ ಕಂತಿಗೆ ಬಿಡಬಹುದಾದ ಪಾಲು ದೊಡ್ಡದು ಎಂಬ ಊಹೆ. ನೀವು ಪತ್ರದ ಜತೆ ಕಳಿಸಿದ ಕಾಗದಪತ್ರಗಳನ್ನು ನೋಡಿದರೆ ನಿಮಗೆ ಅವರು ಹಾಕಿದ್ದು 50.

ಗೃಹಸಾಲಕ್ಕೆ ಈ 50 ಎಂಬುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿಲ್ಲ, ಬ್ಯಾಂಕಿನ ಆಡಳಿತ ಮಂಡಳಿಗೇ ಬಿಟ್ಟಿದೆ. ಕಡ್ಡಾಯ ಮಾಡಿರುವುದು ಕಿರುಸಾಲಕ್ಕೆ. ವರ್ಷಕ್ಕೆ 3 ಲಕ್ಷದ ಒಳಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲದಲ್ಲಿ, ಆ ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು 2022ರ ಮಾರ್ಚ್‌ನಲ್ಲಿ ನಿಯಮ ಬಂತು. ಅಂದರೆ ಬಡವರ ವಿಷಯದಲ್ಲಿ ಅರ್ಧ ಎಂಬುದು ಕಾನೂನು, ಸಂಬಳದವರ ವಿಷಯದಲ್ಲಿ ಅದು ಬ್ಯಾಂಕಿನ ರೂಢಿ. ರೂಢಿ ಆದ್ದರಿಂದ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಅಂಕಿ ಬದಲಾಗುತ್ತದೆ.

ಇನ್ನು ನಿಮ್ಮ ಸಂಬಳದ ಸ್ಲಿಪ್. ಒಟ್ಟು 45,000. ಅದರಲ್ಲಿ ಮೂಲ ವೇತನ, ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆ ಸೇರಿ 41,000 ಪ್ರತಿ ತಿಂಗಳೂ ಒಂದೇ ತೆರನಾಗಿದೆ. ಉಳಿದ 4,000 ಓಟಿ. ಆರು ತಿಂಗಳ ಸ್ಲಿಪ್ ಸಾಲಾಗಿ ಇಟ್ಟರೆ ಓಟಿ ಒಮ್ಮೆ ಆರು ಸಾವಿರ, ಒಮ್ಮೆ ಎರಡು ಸಾವಿರ ಇದೆ. ಹೀಗೆ ಏರಿಳಿಯುವ ದುಡ್ಡಿನಲ್ಲಿ ಬ್ಯಾಂಕಿನವರು ಸಾಮಾನ್ಯವಾಗಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವರು ಅದನ್ನೂ ಹಿಡಿಯುವುದಿಲ್ಲ. ನಿಮಗೆ 2,000 ಹಿಡಿದಿದ್ದಾರೆ. ಅಲ್ಲಿಗೆ 43,000. ಅದರಿಂದ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ 41,000. ಬ್ಯಾಂಕಿನ ಕಣ್ಣಿಗೆ ನಿಮ್ಮ ಆದಾಯ ಇದು.

ನಿಮ್ಮ ಕೈಗೆ ಬರುವುದು 40,000 ಆದರೂ ಬ್ಯಾಂಕು 41,000 ಹಿಡಿದದ್ದು ಹೇಗೆ ಎಂದು ನೀವು ಕೇಳಬೇಕು. ಸ್ಲಿಪ್ಪಿನ ಕಡಿತದ ಬದಿಯಲ್ಲಿ ನೌಕರರ ಸೊಸೈಟಿ ಸಾಲಕ್ಕೆ 3,000 ಹೋಗುತ್ತಿದೆ. ಅದು ತೆರಿಗೆಯಲ್ಲ, ಸಾಲದ ಕಂತು. ಆದ್ದರಿಂದ ಅದನ್ನು ಆದಾಯದಿಂದ ಕಳೆಯದೆ ಹೊರೆಯ ಬದಿಗೆ ಬರೆಯುತ್ತಾರೆ. ಇಲ್ಲಿ ಒಂದು ತಪ್ಪು ಆಗಾಗ ನಡೆಯುತ್ತದೆ. ಅವಸರದಲ್ಲಿರುವ ಗುಮಾಸ್ತರು ಖಾತೆಗೆ ಜಮೆಯಾದ ಮೊತ್ತವನ್ನೇ ಆದಾಯ ಎಂದು ಬರೆದು, ಸಾಲಗಳ ಪಟ್ಟಿಯಲ್ಲಿ ಸೊಸೈಟಿ ಕಂತನ್ನೂ ಇನ್ನೊಮ್ಮೆ ಸೇರಿಸಿಬಿಡುತ್ತಾರೆ. ಒಂದೇ 3,000 ಎರಡು ಸಲ ಕಳೆದುಹೋಗುತ್ತದೆ. ನಿಮ್ಮ ಅರ್ಜಿಯಲ್ಲಿ ಹಾಗಾಗಿಲ್ಲ. ಸೊಸೈಟಿ ಕಡಿತ ಇರುವ ಬೇರೆ ಓದುಗರು ತಮ್ಮ ಲೆಕ್ಕದ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಈ ಸಾಲನ್ನೇ.

41,000ದ ಅರ್ಧ 20,500. ನಿಮ್ಮ ಎಲ್ಲ ಕಂತುಗಳೂ ಇದರೊಳಗೆ ಅಡಕವಾಗಬೇಕು. ಈಗ ಇರುವ ಹೊರೆ ಯಾವುದೆಂದರೆ ಸೊಸೈಟಿ 3,000, ಬೈಕಿನ ಸಾಲ 3,100, ಮೊಬೈಲಿನ ಕಂತು 1,900. ನೀವು ಸಾಲವೆಂದೇ ಭಾವಿಸದ ಇನ್ನೊಂದು ಇದೆ, ಕ್ರೆಡಿಟ್ ಕಾರ್ಡಿನ 30,000 ಬಾಕಿ. ಕಾರ್ಡಿಗೆ ಕಂತು ಎಂಬುದಿಲ್ಲ, ಆದರೆ ಬಾಕಿಯ 5 ಶೇಕಡಾವನ್ನು ತಿಂಗಳ ಹೊರೆ ಎಂದು ಹಿಡಿಯುವುದು ಬ್ಯಾಂಕುಗಳ ವಾಡಿಕೆ. ಅದು 1,500. ನಾಲ್ಕೂ ಸೇರಿ 9,500. ಮಿತಿಯಲ್ಲಿ ಉಳಿದದ್ದು 11,000. ಹೊಸ ಮನೆಯ ಸಾಲಕ್ಕೆ ನೀವು ಕಟ್ಟಬಹುದಾದ ಅತಿ ದೊಡ್ಡ ಕಂತು, ಬ್ಯಾಂಕಿನ ಪ್ರಕಾರ, ಇಷ್ಟೇ.

ಕಂತು ಗೊತ್ತಾದ ಮೇಲೆ ಸಾಲದ ಮೊತ್ತ ತಿಳಿಯಲು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ನಮ್ಮ ಕಾಲದಲ್ಲಿ ಇದಕ್ಕೆ ಮೇಜಿನ ಗಾಜಿನಡಿ ಒಂದು ಪಟ್ಟಿ ಇರುತ್ತಿತ್ತು, ಒಂದು ಲಕ್ಷಕ್ಕೆ ಇಂಥ ಬಡ್ಡಿಗೆ ಇಷ್ಟು ವರ್ಷಕ್ಕೆ ಎಷ್ಟು ಕಂತು ಎಂದು. ನಿಮಗೆ ಹೇಳಿದ ಬಡ್ಡಿ 8.5 ಶೇಕಡಾ, ಅವಧಿ 20 ವರ್ಷ. ಅದಕ್ಕೆ ಲಕ್ಷಕ್ಕೆ 868 ರೂಪಾಯಿ. 11,000ವನ್ನು 868ರಿಂದ ಭಾಗಿಸಿದರೆ 12.67, ಅಂದರೆ ಹನ್ನೆರಡು ಲಕ್ಷದ ಅರುವತ್ತೇಳು ಸಾವಿರ. ಕೆಳಕ್ಕೆ ದುಂಡಗೆ ಮಾಡಿ ಹನ್ನೆರಡೂವರೆ ಎಂದರು. ಪಟ್ಟಿ ಇಲ್ಲದವರು ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಯಾವುದಾದರೂ ಖಾಲಿ ಮನೆಯಲ್ಲಿ ಇದನ್ನು ಬರೆದರೆ ಅದೇ ಉತ್ತರ ಬರುತ್ತದೆ:

```
=PV(8.5%/12, 240, -11000)
```

240 ಎಂದರೆ 20 ವರ್ಷದ ತಿಂಗಳುಗಳು. ನಿಮ್ಮ ಬಡ್ಡಿ, ತಿಂಗಳು, ಕಂತು ಬದಲಿಸಿಕೊಳ್ಳಿ. ಕಂತಿನ ಹಿಂದಿನ ಕಳೆಯುವ ಚಿಹ್ನೆ ಮರೆತರೆ ಸಾಲದ ಮೊತ್ತವೇ ಕಳೆಯುವ ಚಿಹ್ನೆಯೊಂದಿಗೆ ಬರುತ್ತದೆ, ಗಾಬರಿಯಾಗಬೇಡಿ.

ಗೆಳೆಯನ ಗುಟ್ಟು ಈಗ ಹೊರಬಿತ್ತು. ಅವರ 40,000ದ ಅರ್ಧ 20,000. ಹೊರೆ ಏನೂ ಇಲ್ಲದ್ದರಿಂದ ಅಷ್ಟೂ ಹೊಸ ಕಂತಿಗೆ ಸಿಗುತ್ತದೆ. 868ರಿಂದ ಭಾಗಿಸಿ, 23 ಲಕ್ಷ. ಸಂಬಳದಲ್ಲಿ ನಿಮಗೂ ಅವರಿಗೂ ವ್ಯತ್ಯಾಸವಿಲ್ಲ, ವ್ಯತ್ಯಾಸ ಇರುವುದು ಆ 9,500ರಲ್ಲಿ. ‘ದೊಡ್ಡ ಸಾಲವೇನಲ್ಲ’ ಎಂದು ನೀವು ಬರೆದ ನಾಲ್ಕು ಸಣ್ಣ ಸಾಲಗಳ ಅಸಲು ಕೂಡಿಸಿದರೆ ಒಂದೂವರೆ ಲಕ್ಷವೂ ಆಗುವುದಿಲ್ಲ, ಆದರೆ ಅವು ತಿಂದದ್ದು ಹತ್ತಿರ ಹತ್ತಿರ 11 ಲಕ್ಷದ ಅರ್ಹತೆ. ಫಾಯರ್‌ಗೆ ಸಾಲದ ಗಾತ್ರ ಕಾಣುವುದಿಲ್ಲ, ತಿಂಗಳ ಕಂತು ಮಾತ್ರ ಕಾಣುತ್ತದೆ.

ಇದೇ ಕುರುಡುತನ ನಿಮ್ಮ ಉಪಯೋಗಕ್ಕೂ ಬರುತ್ತದೆ. ಹೆಚ್ಚಿನವರು ಅರ್ಹತೆ ಕಡಿಮೆ ಬಂದ ಕೂಡಲೇ ಅವಧಿ ಜಾಸ್ತಿ ಮಾಡಿ ಎನ್ನುತ್ತಾರೆ. 20 ವರ್ಷವನ್ನು 25 ಮಾಡಿದರೆ ಲಕ್ಷಕ್ಕೆ ಕಂತು 805ಕ್ಕೆ ಇಳಿಯುತ್ತದೆ, ನಿಮ್ಮ 11,000ಕ್ಕೆ 13.66 ಲಕ್ಷ ಸಿಗುತ್ತದೆ. ಐದು ವರ್ಷ, ಅಂದರೆ 60 ಕಂತು ಹೆಚ್ಚು ಕಟ್ಟಲು ಒಪ್ಪಿಕೊಂಡು ಗಳಿಸಿದ್ದು ಒಂದು ಲಕ್ಷ. 30 ವರ್ಷ ಕೊಟ್ಟರೂ 14.3 ಲಕ್ಷದ ಆಚೆ ಹೋಗುವುದಿಲ್ಲ. ನಿಮಗೆ 30 ವರ್ಷ ಕೊಡುವುದೂ ಇಲ್ಲ ಬಿಡಿ, 34ರ ವಯಸ್ಸಿಗೆ ನಿವೃತ್ತಿಯ ಒಳಗೆ ಸಾಲ ಮುಗಿಯಬೇಕು ಎನ್ನುತ್ತಾರೆ.

ಅದರ ಬದಲು ಮೊಬೈಲಿನ ಸಾಲ ನೋಡಿ. ಇನ್ನು ನಾಲ್ಕೇ ಕಂತು ಬಾಕಿ, 7,600 ರೂಪಾಯಿ. ಅದನ್ನು ಇವತ್ತು ಕಟ್ಟಿ ಮುಗಿಸಿದರೆ ತಿಂಗಳಿಗೆ 1,900 ಬಿಡುಗಡೆ. 868ರಿಂದ ಭಾಗಿಸಿದರೆ 2.19 ಲಕ್ಷ ಅರ್ಹತೆ. 7,600 ರೂಪಾಯಿಗೆ ಎರಡು ಲಕ್ಷದ ಮೇಲೆ! ಕೆಲವು ಬ್ಯಾಂಕುಗಳು ಆರು ತಿಂಗಳೊಳಗೆ ಮುಗಿಯುವ ಸಾಲವನ್ನು ತಾವಾಗಿಯೇ ಬಿಟ್ಟುಬಿಡುತ್ತವೆ, ನಿಮ್ಮದು ಬಿಟ್ಟಿಲ್ಲ. ಬೈಕಿಗೆ ಹತ್ತು ಕಂತು ಉಳಿದಿದೆ. ಮುಂದಿನ ಬಡ್ಡಿ ಬಿಟ್ಟು ಈಗಲೇ ತೀರಿಸುವುದಾದರೆ ಸುಮಾರು 29,500 ಎಂದು ಬರೆದಿದ್ದೀರಿ. ಅದರಿಂದ 3,100ರ ಬಿಡುಗಡೆ, ಮೂರೂವರೆ ಲಕ್ಷದ ಅರ್ಹತೆ. ಕಾರ್ಡಿನ 30,000 ತೀರಿಸಿದರೆ 1,500 ಬಿಡುಗಡೆ, ಒಂದೂಮುಕ್ಕಾಲು ಲಕ್ಷ. ಸೊಸೈಟಿ ಸಾಲಕ್ಕೆ ಇನ್ನೂ ಎರಡು ವರ್ಷ ಇದೆ, 66,000ದಷ್ಟು ಅಸಲು. ಅದರ ಕಂತು ಬೈಕಿನಷ್ಟೇ, ತೀರಿಸಲು ಬೇಕಾದ ದುಡ್ಡು ಎರಡು ಪಟ್ಟಿಗೂ ಹೆಚ್ಚು. ಅದನ್ನು ಮುಟ್ಟಬೇಡಿ.

ಯಾವುದನ್ನು ಮೊದಲು ತೀರಿಸಬೇಕು ಎಂಬುದು ಇಲ್ಲಿ ತಾನಾಗಿಯೇ ಗೊತ್ತಾಗುತ್ತದೆ. ಬಾಕಿ ಅಸಲು ಕಡಿಮೆ ಇದ್ದು ಕಂತು ದೊಡ್ಡದಿರುವ ಸಾಲ ಮೊದಲು. ಬಡ್ಡಿಯ ದೃಷ್ಟಿಯಿಂದ ನೋಡಿದರೆ ಕಾರ್ಡನ್ನೇ ಮೊದಲು ಮುಗಿಸಬೇಕಿತ್ತು, ಏಕೆಂದರೆ ಅದರ ಬಡ್ಡಿಯಷ್ಟು ದುಬಾರಿ ಬಡ್ಡಿ ನಿಮ್ಮ ಪಟ್ಟಿಯಲ್ಲಿ ಬೇರೆ ಇಲ್ಲ. ನಿಮ್ಮಲ್ಲಿ ಮೂರಕ್ಕೂ ಸಾಕಾಗುವಷ್ಟು ದುಡ್ಡು ಇರುವುದರಿಂದ ಆ ಜಗಳ ಬೇಡ. ಮೊಬೈಲು, ಬೈಕು, ಕಾರ್ಡು ಮೂರೂ ಸೇರಿ 67,100. ಆಮೇಲೆ ಉಳಿಯುವ ಹೊರೆ ಸೊಸೈಟಿಯ 3,000 ಮಾತ್ರ. 20,500ರಲ್ಲಿ ಅದನ್ನು ಕಳೆದರೆ 17,500, ಅದಕ್ಕೆ 20.16 ಲಕ್ಷ. ನೀವು ಕೇಳಿದ 20 ಲಕ್ಷ ಬಂತು.

ತೀರಿಸಿದ ಮೇಲೆ ಒಂದು ಕೆಲಸ ಇದೆ. ಹಣ ಕಟ್ಟಿದ ರಸೀದಿ ತೋರಿಸಿದರೆ ಬ್ಯಾಂಕಿಗೆ ಸಾಲದು, ಸಾಲ ಮುಗಿದಿದೆ ಎಂಬ ಪತ್ರ ಬೇಕು. ಬೈಕಿಗಾದರೆ ಎನ್‌ಒಸಿ ತೆಗೆದುಕೊಂಡು ಆರ್‌ಸಿಯಲ್ಲಿರುವ ಫೈನಾನ್ಸಿನ ಹೆಸರನ್ನು ಬಂಟ್ವಾಳದ ಆರ್‌ಟಿಒ ಕಚೇರಿಯಲ್ಲಿ ತೆಗೆಸಬೇಕು. ಸಿಬಿಲ್ ವರದಿಯಲ್ಲಿ ಸಾಲ ಮುಗಿದದ್ದು ದಾಖಲಾಗಲು ಸ್ವಲ್ಪ ದಿನ ಹಿಡಿಯುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ ಇರುವುದರಿಂದ ಮೊದಲಿನಷ್ಟು ಕಾಯಬೇಕಾಗಿಲ್ಲ. ತೀರಿಸಿ ಒಂದು ತಿಂಗಳು ಬಿಟ್ಟು ನಿಮ್ಮ ವರದಿಯನ್ನು ನೀವೇ ಒಮ್ಮೆ ತೆಗೆದು ನೋಡಿ, ಆಮೇಲೆ ಅರ್ಜಿ ಹಾಕಿ. ಅದೇ ವರದಿಯಲ್ಲಿ ನೀವು ಯಾರಿಗಾದರೂ ಜಾಮೀನು ಹಾಕಿದ್ದರೆ ಅದೂ ಕಾಣಬಹುದು. ನಮ್ಮ ಕಡೆ ಸೊಸೈಟಿಯಲ್ಲಿ ನೆಂಟರಿಗೆ ಸೈನು ಹಾಕಿ ಮರೆತುಬಿಡುವುದು ಮಾಮೂಲು. ಅವರು ಸರಿಯಾಗಿ ಕಟ್ಟುತ್ತಿದ್ದರೆ ತೊಂದರೆ ಇಲ್ಲ. ತಪ್ಪಿದ್ದರೆ ಫಾಯರ್ ಎಷ್ಟೇ ಚೆನ್ನಾಗಿದ್ದರೂ ಫೈಲು ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಪತ್ರದ ಜತೆ ಮನೆ ಖರ್ಚಿನ ಚೀಟಿಯನ್ನೂ ಇಟ್ಟಿದ್ದೀರಲ್ಲ ಮಾರಾಯ್ರೆ, ಅದನ್ನು ನೋಡಿದ ಮೇಲೆ ಸುಮ್ಮನಿರಲು ಮನಸ್ಸು ಬರಲಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಹೊರೆ ಎಂದರೆ ಸಾಲದ ಕಂತು. ಅಕ್ಕಿ ಹೊರೆಯಲ್ಲ, ಬಸ್ಸಿನ ಪಾಸು ಹೊರೆಯಲ್ಲ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಹೊರೆಯಲ್ಲ. ಅವೆಲ್ಲ ಆ ಇನ್ನರ್ಧದಲ್ಲಿ ಹೇಗೋ ನಡೆಯುತ್ತವೆ ಎಂಬ ನಂಬಿಕೆಯ ಮೇಲೆ ಈ ಅನುಪಾತ ನಿಂತಿದೆ. ಇಬ್ಬರೇ ಇರುವ ಮನೆಗೂ ಐದು ಜನರ ಮನೆಗೂ ಒಂದೇ 50. ಆದ್ದರಿಂದ ಅತಿ ದೊಡ್ಡ ಕಂತು ಎಷ್ಟು ಎಂಬುದಕ್ಕೆ ಎರಡು ಉತ್ತರ ಇರುತ್ತದೆ, ಬ್ಯಾಂಕಿನದ್ದೊಂದು, ಮನೆಯದ್ದೊಂದು. ಮನೆಯದ್ದನ್ನು ನೀವೇ ಮಾಡಬೇಕು, ಬೇರೆ ಯಾರೂ ಮಾಡಿಕೊಡುವುದಿಲ್ಲ.

ಆದಾಯಕ್ಕೆ ಓಟಿ ಇಲ್ಲದ ತಿಂಗಳನ್ನೇ ಹಿಡಿಯಿರಿ. 41,000ದಲ್ಲಿ ಪಿಎಫ್ ಮತ್ತು ವೃತ್ತಿ ತೆರಿಗೆ ಹೋಗಿ 39,000. ಮನೆ ಸಾಮಾನು, ಗ್ಯಾಸು, ಕರೆಂಟು, ಮೀನು, ಎಲ್ಲ ಸೇರಿ 14,000 ಎಂದು ಬರೆದಿದ್ದೀರಿ. ಮಂಗಳೂರಿಗೆ ಓಡಾಟ 2,500. ಅಮ್ಮನ ಮದ್ದು 1,500. ಸೊಸೈಟಿ 3,000. ಇಷ್ಟು ಸುಲಭ, ತಿಂಗಳಿಗೆ ಬರುವ ಖರ್ಚು.

ಜನ ತಪ್ಪುವುದು ತಿಂಗಳಿಗೆ ಬಾರದ ಖರ್ಚಿನಲ್ಲಿ. ಎಲ್‌ಐಸಿ ವರ್ಷಕ್ಕೆ 12,000, ಅದು ತಿಂಗಳಿಗೆ 1,000. ಇಬ್ಬರು ಮಕ್ಕಳ ಶಾಲೆಯ ಖರ್ಚು ವರ್ಷಕ್ಕೆ 24,000, ಹೆಚ್ಚಿನದ್ದು ಜೂನ್ ತಿಂಗಳಲ್ಲೇ. ತಿಂಗಳಿಗೆ ಹಂಚಿದರೆ 2,000. ಹೆಂಡತಿಯ ಸಂಘದ ಸಾಲಕ್ಕೆ ವಾರಕ್ಕೆ 500. ಇದನ್ನು ನೀವು 2,000 ಎಂದು ಬರೆದಿದ್ದೀರಿ, ಎಲ್ಲರೂ ಹಾಗೆಯೇ ಬರೆಯುತ್ತಾರೆ. ತಿಂಗಳಿಗೆ ನಾಲ್ಕು ವಾರ ಎಂಬುದು ಫೆಬ್ರವರಿಗೆ ಮಾತ್ರ ಸರಿ. ವರ್ಷಕ್ಕೆ 52 ವಾರ, 26,000 ರೂಪಾಯಿ, ತಿಂಗಳಿಗೆ 2,167. ಬೆಳ್ತಂಗಡಿ–ಬಂಟ್ವಾಳದ ಕಡೆ ವಾರದ ಸಂಘ ಇಲ್ಲದ ಮನೆ ಹುಡುಕುವುದೇ ಕಷ್ಟ, ಹಾಗಾಗಿ ಈ 167 ಸಣ್ಣದೆಂದು ಬಿಡುವ ಹಾಗಿಲ್ಲ. ಎರಡು ಮೂರು ಸಂಘ ಇರುವ ಮನೆಯಲ್ಲಿ ಅದು ಐನೂರು ಆಗುತ್ತದೆ. ಸಂಘದ ಸಾಲ ಹೆಂಡತಿಯ ಹೆಸರಿನಲ್ಲಿ ಇರುವುದರಿಂದ ನಿಮ್ಮ ಫಾಯರ್‌ನಲ್ಲಿ ಅದು ಬರಲೇ ಇಲ್ಲ ಎಂಬುದನ್ನೂ ಗಮನಿಸಿ.

ಎಲ್ಲ ಕೂಡಿಸಿದರೆ 26,167. 39,000ದಲ್ಲಿ ಕಳೆದರೆ 12,833. ಇದರಲ್ಲಿ ದಿನಕ್ಕೆ 50 ರೂಪಾಯಿಯ ಪಿಗ್ಮಿ ಕಟ್ಟುತ್ತಿದ್ದೀರಿ, ತಿಂಗಳಿಗೆ 1,500. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿತ್ತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಎಂಬ ಹೆಸರು ಮಾತ್ರ ನಮ್ಮ ಅಂಗಡಿ ಬಾಗಿಲುಗಳಲ್ಲಿ ಹಾಗೆಯೇ ಇದೆ. ಅದು ಉಳಿತಾಯ, ಸಾಲವಲ್ಲ, ಫಾಯರ್‌ಗೆ ಸೇರುವುದಿಲ್ಲ. ಆದರೆ ಅದನ್ನು ನಿಲ್ಲಿಸಿ ಕಂತು ಕಟ್ಟಿದರೆ ಆಸ್ಪತ್ರೆ ಖರ್ಚು ಬಂದ ದಿನ ಕಾರ್ಡು ಮತ್ತೆ ಹೊರಬರುತ್ತದೆ. ಹಾಗಾಗಿ ಪಿಗ್ಮಿ ನಡೆಯುತ್ತಿರಲಿ. ಅದು ಹೋಗಿ ಉಳಿದದ್ದು 11,300.

ಈಗ ಎರಡು ಅಂಕಿಗಳನ್ನು ಪಕ್ಕದಲ್ಲಿಡಿ. ಮೂರು ಸಾಲ ತೀರಿಸಿದ ಮೇಲೆ ಬ್ಯಾಂಕು ಹೇಳುವ ಅತಿ ದೊಡ್ಡ ಕಂತು 17,500. ನಿಮ್ಮ ಮನೆ ಹೇಳುವುದು 11,300. ನಡುವಿನ 6,200 ಪ್ರತಿ ತಿಂಗಳೂ ಎಲ್ಲಿಂದ ಬರಬೇಕು? ಮೂರು ಸಾಲ ತೀರಿಸದೆ ಅವರು ಮೊದಲು ಹೇಳಿದ ಹನ್ನೆರಡೂವರೆಯನ್ನೇ ತೆಗೆದುಕೊಂಡಿದ್ದರೂ ಸಂಗತಿ ಬಿಗಿಯೇ. ಪಿಗ್ಮಿ ನಿಲ್ಲಿಸಿದರೂ 12,833ರಲ್ಲಿ ಬೈಕು, ಮೊಬೈಲು, ಕಾರ್ಡಿನ 6,500 ಹೋಗಿ ಉಳಿಯುವುದು 6,333. ಕಂತು ಸುಮಾರು 10,850. ನಿಮಗೆ ಕಡಿಮೆ ಎನಿಸಿದ ಆ ಹನ್ನೆರಡೂವರೆ ಲಕ್ಷ ನಿಮ್ಮ ಇಂದಿನ ಮನೆಯ ಶಕ್ತಿಗಿಂತ ಮುಂದೆಯೇ ಇತ್ತು.

ಇನ್ನೂ ಒಂದು ಸಂಗತಿ, ಬಡ್ಡಿ. ಗೃಹಸಾಲದ ಬಡ್ಡಿ ಸಾಮಾನ್ಯವಾಗಿ ಏರಿಳಿಯುವ ಬಡ್ಡಿ, ರಿಸರ್ವ್ ಬ್ಯಾಂಕಿನ ರೆಪೊ ದರದ ಬಾಲ ಹಿಡಿದುಕೊಂಡಿರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯ ಒಳಗೆ ರೆಪೊ 4ರಿಂದ 6.5ಕ್ಕೆ ಏರಿತು. ಆಗ ಹೆಚ್ಚಿನ ಬ್ಯಾಂಕುಗಳು ಕಂತು ಹೆಚ್ಚಿಸಲಿಲ್ಲ, ಸದ್ದಿಲ್ಲದೆ ಅವಧಿ ಎಳೆದವು. ಸಾಲಗಾರರಿಗೆ ಗೊತ್ತಾಗುವಷ್ಟರಲ್ಲಿ ಇಪ್ಪತ್ತು ವರ್ಷದ ಸಾಲ ನಿವೃತ್ತಿಯ ಆಚೆಗೆ ಹೋಗಿತ್ತು.

ನಿಮ್ಮ 12.67 ಲಕ್ಷವನ್ನೇ ತೆಗೆದುಕೊಳ್ಳಿ. 8.5ರಲ್ಲಿ ಮೊದಲ ತಿಂಗಳ ಬಡ್ಡಿ 8,975 ರೂಪಾಯಿ, 11,000ದ ಕಂತಿನಲ್ಲಿ 2,025 ಅಸಲಿಗೆ ಸೇರುತ್ತದೆ. ಸಾಲ ತೆಗೆದ ಸ್ವಲ್ಪ ಸಮಯದಲ್ಲೇ ಬಡ್ಡಿ ಎರಡು ಏರಿ 10.5 ಆಯಿತೆನ್ನಿ. ತಿಂಗಳ ಬಡ್ಡಿಯೇ 11,086. ಕಂತು 11,000. ನೀವು ಒಂದು ತಿಂಗಳೂ ತಪ್ಪದೆ ಕಟ್ಟುತ್ತಿರುತ್ತೀರಿ, ಸಾಲ ತಿಂಗಳಿಗೆ 86 ರೂಪಾಯಿಯಂತೆ ಬೆಳೆಯುತ್ತಿರುತ್ತದೆ. ಅಂಥ ಸಾಲಕ್ಕೆ ಅವಧಿ ಎಷ್ಟು ಎಳೆದರೂ ಮುಗಿಯುವುದಿಲ್ಲ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಇದರ ಬಗ್ಗೆಯೇ ಸೂಚನೆ ಹೊರಡಿಸಿತು. ಅವಧಿ ಎಳೆದು ಸಾಲ ಬೆಳೆಯುವ ಹಾಗೆ ಮಾಡಬಾರದು, ಬಡ್ಡಿ ಏರಿದಾಗ ಕಂತು ಹೆಚ್ಚಿಸುವುದೋ ಅವಧಿ ಎಳೆಯುವುದೋ ಎಂದು ಸಾಲಗಾರನನ್ನು ಕೇಳಬೇಕು, ಸಾಲ ಕೊಡುವಾಗಲೇ ಬಡ್ಡಿ ಏರಿದರೆ ಕಟ್ಟಲು ಆತನಲ್ಲಿ ಜಾಗ ಉಳಿದಿದೆಯೇ ನೋಡಬೇಕು ಎಂದು. ಫಾಯರ್‌ನ್ನು 50ರ ಅಂಚಿನವರೆಗೆ ತುಂಬಿಸಿ ಸಾಲ ತೆಗೆದವರಲ್ಲಿ ಆ ಜಾಗ ಎಲ್ಲಿಂದ ಬರಬೇಕು?

ಹೀಗಾಗಿ ಮನೆಯ ಕಂತನ್ನು ಇನ್ನೊಮ್ಮೆ 10.5 ಶೇಕಡಾದಲ್ಲಿ ಪರೀಕ್ಷಿಸಬೇಕು. ಆಗ ಲಕ್ಷಕ್ಕೆ 998. 11,300ಕ್ಕೆ 11.3 ಲಕ್ಷ. ಇಂದಿನ 8.5ರಲ್ಲಿ ಅದೇ ಕಂತಿಗೆ 13 ಲಕ್ಷ. ನಿಮ್ಮ ಸರಿಯಾದ ಮೊತ್ತ ಈ ಎರಡರ ನಡುವೆ ಎಲ್ಲೋ ಇದೆ.

ನನ್ನನ್ನು ಕೇಳಿದರೆ 13. ಕಾರಣ ಸೊಸೈಟಿ ಸಾಲ. ಅದು ಎರಡು ವರ್ಷದಲ್ಲಿ ಮುಗಿಯುತ್ತದೆ, ಆಗ ತಿಂಗಳಿಗೆ 3,000 ಬಿಡುಗಡೆ. 13 ಲಕ್ಷಕ್ಕೆ ಬಡ್ಡಿ ಎರಡು ಏರಿದರೂ ಕಂತು ಹೆಚ್ಚುವುದು 1,700ರಷ್ಟು. ಆ ಎರಡು ವರ್ಷದ ಒಳಗೆಯೇ ಏರಿದರೆ ಓಟಿಯ ದುಡ್ಡು ಇದೆ, ಅದನ್ನು ನಾವು ಮನೆಯ ಲೆಕ್ಕದಲ್ಲಿ ಹಿಡಿದೇ ಇಲ್ಲ. ಅಲ್ಲದೆ ಮನೆ ಕಟ್ಟುವ ಸಾಲವನ್ನು ಬ್ಯಾಂಕು ಒಮ್ಮೆಗೇ ಕೊಡುವುದಿಲ್ಲ. ಪಂಚಾಂಗ ಆದ ಮೇಲೆ ಸ್ವಲ್ಪ, ಗೋಡೆ ಎದ್ದ ಮೇಲೆ ಸ್ವಲ್ಪ, ಸ್ಲ್ಯಾಬ್ ಆದ ಮೇಲೆ ಸ್ವಲ್ಪ ಬಿಡುಗಡೆ ಮಾಡುತ್ತಾರೆ. ಅಲ್ಲಿಯವರೆಗೆ ಕೊಟ್ಟಷ್ಟಕ್ಕೆ ಬಡ್ಡಿ ಮಾತ್ರ, ಪೂರ್ತಿ ಕಂತು ಆಮೇಲೆ. ಮಳೆಗಾಲದಲ್ಲಿ ಕೆಂಪುಕಲ್ಲು ಸಿಗದೆ ಕೆಲಸ ನಿಂತರೆ ಆ ಬಡ್ಡಿ ಸುಮ್ಮನೆ ಹೋಗುತ್ತಿರುತ್ತದೆ, ಅದಕ್ಕಾಗಿ ಮಳೆ ನಿಂತ ಮೇಲೆ ಮೊದಲ ಬಿಡುಗಡೆ ಕೇಳಿ. ಈಗ ಇರುವುದು ಕೂಡುಕುಟುಂಬದ ಮನೆ ಆದ್ದರಿಂದ ನಿಮಗೆ ಬಾಡಿಗೆಯ ಕಾಟ ಇಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಆ ಒಂದು ವರ್ಷವೇ ಕುತ್ತಿಗೆಗೆ ಬರುವುದು.

13 ಲಕ್ಷ ಸಾಲದಲ್ಲಿ ಎಂಥ ಮನೆ ಆಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ವೆಚ್ಚದ 90 ಶೇಕಡಾಕ್ಕಿಂತ ಹೆಚ್ಚು ಕೊಡುವಂತಿಲ್ಲ, ಉಳಿದದ್ದು ನಿಮ್ಮ ಕೈಯಿಂದ. ನಿಮ್ಮಲ್ಲಿ ಒಟ್ಟು 3 ಲಕ್ಷ ಉಳಿತಾಯ ಇದೆ. ಅದರಲ್ಲಿ 67,100 ಸಾಲ ತೀರಿಸಲು ಹೋದರೆ 2.33 ಲಕ್ಷ ಉಳಿಯುತ್ತದೆ. ಹಾಗಾಗಿ ಅಂದಾಜು ಪಟ್ಟಿ 15 ಲಕ್ಷದ ಸುತ್ತ ಇರಲಿ. ಎಂಜಿನಿಯರ್ ಬರೆದುಕೊಟ್ಟ 23 ಲಕ್ಷದ ನಕ್ಷೆಯಲ್ಲಿ ಮೇಲಿನ ಕೋಣೆಗಳನ್ನೂ ಕಾರು ನಿಲ್ಲಿಸುವ ಜಾಗವನ್ನೂ ಈಗ ಬಿಡಬಹುದು, ಮೆಟ್ಟಿಲಿಗೆ ಜಾಗ ಇಟ್ಟು ಸ್ಲ್ಯಾಬ್ ಮಾತ್ರ ಮೇಲಿನ ಭಾರ ತಾಳುವ ಹಾಗೆ ಹಾಕಿಸಿ. ಸಂಬಳ ಏರಿ, ಸೊಸೈಟಿ ಸಾಲ ಮುಗಿದ ಮೇಲೆ ಇದೇ ಸಾಲದ ಮೇಲೆ ಇನ್ನಷ್ಟು ಕೇಳಲು ಅವಕಾಶ ಇರುತ್ತದೆ. ಏರಿಳಿಯುವ ಬಡ್ಡಿಯ ಸಾಲವನ್ನು ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ. ಆದ್ದರಿಂದ ಓಟಿ ಹೆಚ್ಚು ಬಂದ ತಿಂಗಳು ನಾಲ್ಕು ಸಾವಿರ ಅಸಲಿಗೆ ಹಾಕುತ್ತಿರಬಹುದು.

ಹೆಂಡತಿಯನ್ನು ಜಂಟಿ ಅರ್ಜಿದಾರರನ್ನಾಗಿ ಮಾಡಿದರೆ ಹೇಗೆ ಎಂದೂ ಕೇಳಿದ್ದೀರಿ. ಅವರಿಗೆ ಖಾತೆಗೆ ಜಮೆಯಾಗುವ ಸಂಬಳ ಇದ್ದರೆ ಖಂಡಿತ ಮಾಡಿ. ಮನೆಯಲ್ಲಿ ಬೀಡಿ ಕಟ್ಟಿ ನಗದಾಗಿ ಬರುವ ದುಡ್ಡನ್ನು ಬ್ಯಾಂಕು ಸುಲಭಕ್ಕೆ ಆದಾಯವೆಂದು ಒಪ್ಪುವುದಿಲ್ಲ. ಅವರ ಹೆಸರು ಬಂದ ಕೂಡಲೇ ಸಂಘದ ಕಂತು ಮಾತ್ರ ತಪ್ಪದೆ ಹೊರೆಯ ಬದಿಗೆ ಬಂದು ಕೂರುತ್ತದೆ. ಆದಾಯ ಸೇರದೆ ಹೊರೆ ಮಾತ್ರ ಸೇರಿದರೆ ನಿಮ್ಮ ಅರ್ಹತೆ ಎರಡೂವರೆ ಲಕ್ಷ ಇಳಿಯುತ್ತದೆ.

ಕೊನೆಗೆ, ಮಂಜೂರಾತಿಗೆ ಸೈನು ಹಾಕುವ ಮೊದಲು ಒಂದು ಹಾಳೆ ಕೇಳಿ ಪಡೆಯಿರಿ. 2024ರ ಅಕ್ಟೋಬರ್‌ನಿಂದ ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯ ಸಂಗತಿಗಳ ಪತ್ರ ಎಂಬುದನ್ನು ಬ್ಯಾಂಕು ಕೊಡಲೇಬೇಕು. ಬಡ್ಡಿ, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ, ಕಂತಿನ ಪೂರ್ತಿ ಪಟ್ಟಿ ಅದರಲ್ಲಿ ಇರುತ್ತದೆ. ಸಾಲದ ಜತೆ ವಿಮೆಯ ಪ್ರೀಮಿಯಮ್ಮನ್ನೂ ಸೇರಿಸಿ ಕೊಡುವ ಪದ್ಧತಿ ಇದೆ, ಅದು ಸೇರಿದ್ದರೆ 13 ಲಕ್ಷ ಎಂದದ್ದು ಹದಿಮೂರೂವರೆ ಆಗಿ ಕಂತು 11,300 ದಾಟಿರುತ್ತದೆ. ಆ ಹಾಳೆಯ ಕಂತಿನ ಅಂಕಿಯನ್ನು ನಿಮ್ಮ ಖರ್ಚಿನ ಚೀಟಿಯ ಪಕ್ಕ ಇಟ್ಟು ನೋಡಿ. ಹಾಗೆಯೇ ನಿಮ್ಮ ಜಾಗದ ನಮೂನೆ 9 ಮತ್ತು 11 ನಿಮ್ಮ ಹೆಸರಿಗೆ ಆಗಿದೆಯೇ ಎಂದು ಪತ್ರದಲ್ಲಿ ಬರೆದಿಲ್ಲ. ಪಾಲಿನ ಜಾಗವೆಂದರೆ ಅದಕ್ಕೇ ತಿಂಗಳುಗಟ್ಟಲೆ ಹೋಗುವುದುಂಟು. ಪಂಚಾಯತಿಗೆ ಅರ್ಜಿ ಈಗಲೇ ಹಾಕಿಡಿ, ಬೈಕಿನ ಸಾಲ ಆಮೇಲೆ ತೀರಿಸಿದರೂ ನಡೆಯುತ್ತದೆ.